ನಾಲ್ಕನೆಯ ಮನೆಯ ಚಂದ್ರ

ಕಳೆದ ವರ್ಷ ಜೂನ್ ತಿಂಗಳಲ್ಲಿ, ಶಾಲೆ ಶುರುವಾಗಿ ಇನ್ನೂ ಹದಿನೈದು ದಿನವಾಗಿರಲಿಲ್ಲ, ಆರನೆಯ ತರಗತಿಯ ಹುಡುಗಿಯೊಬ್ಬಳ ತಾಯಿ ಮಧ್ಯಾಹ್ನದ ಬಿಡುವಿನಲ್ಲಿ ನನ್ನನ್ನು ಹುಡುಕಿಕೊಂಡು ಬಂದರು. ಮಗಳ ಟಿ.ಸಿ. ಬೇಕೆಂದರು. ಚೆನ್ನಾಗಿ ಓದುವ ಹುಡುಗಿ, ಮನೆ ಶಾಲೆಯ ಹಿಂದಿನ ಬೀದಿಯಲ್ಲೇ. ಯಾಕೆ ಎಂದು ಕೇಳಿದೆ. ದೂರದ ಊರಿನ ಹಾಸ್ಟೆಲ್ಲಿಗೆ ಸೇರಿಸುತ್ತೇವೆ ಎಂದರು. ಮತ್ತೆ ಯಾಕೆ ಎಂದೆ. ಆಕೆ ಅತ್ತಿತ್ತ ನೋಡಿ, ಚೀಲದಿಂದ ನಾಲ್ಕು ಮಡಿಕೆಯ ಒಂದು ಹಾಳೆ ತೆಗೆದು ನನ್ನ ಮೇಜಿನ ಮೇಲಿಟ್ಟರು. ಕಂಪ್ಯೂಟರಿನಲ್ಲಿ ಹಾಕಿಸಿದ ಜಾತಕ.

"ಟೀಚರೇ, ನಿಮಗೆ ಇದೆಲ್ಲ ಗೊತ್ತಂತೆ. ಇವಳಿಗೆ ಚಂದ್ರ ನಾಲ್ಕನೇ ಮನೇಲಿ ಇದಾನಂತೆ. ಅಮ್ಮನ ಮನೇಲಿ ಅಮ್ಮನ ಗ್ರಹಾನೇ ಕೂತ್ರೆ ಅಮ್ಮ ಹೆಚ್ಚು ದಿನ ಇರಲ್ಲ, ಮಗು ದೂರ ಇದ್ರೆ ಒಳ್ಳೇದು ಅಂದ್ರು. ಹೌದಾ?"

ನನಗೆ ಜಾತಕ ಗೊತ್ತು ಎಂಬ ಸುದ್ದಿ ನಮ್ಮ ಶಾಲೆಯ ಅಡಿಗೆಯವರ ಮೂಲಕ ಊರಿಗೆಲ್ಲ ಹಬ್ಬಿದೆ. ವಿಜ್ಞಾನದ ಮೇಷ್ಟ್ರು ನನ್ನನ್ನು ಕಂಡು ನಗುವುದಕ್ಕೆ ಇದೂ ಒಂದು ಕಾರಣ. ನಗಲಿ. ಆದರೆ ಆವತ್ತು ಆಕೆ ಕೇಳಿದ ಪ್ರಶ್ನೆಗೆ ನನಗೆ ತಕ್ಷಣ ಉತ್ತರ ಹೊರಡಲಿಲ್ಲ. ಏಕೆಂದರೆ ಅದೇ ಪ್ರಶ್ನೆಯನ್ನು 1977ರಲ್ಲಿ ನಮ್ಮ ಅಮ್ಮ ಇನ್ನೊಬ್ಬರನ್ನು ಕೇಳಿದ್ದಳು. ಅವರು "ಹೌದು" ಎಂದಿದ್ದರು. ಆ ಒಂದು ಮಾತಿಗೆ ನಾನು ಮೂರು ವರ್ಷ ಮನೆ ಬಿಟ್ಟಿದ್ದೆ.

ನಮ್ಮದು ಸಾಗರದ ಕಡೆಯ ಒಂಟಿಮನೆ. ಎದುರಿಗೆ ಅಂಗಳ, ಅಂಗಳದಾಚೆ ಇಳಿಜಾರಿನಲ್ಲಿ ಅಡಿಕೆ ತೋಟ, ಪೂರ್ವಕ್ಕೆ ಮನೆಯನ್ನೇ ತಬ್ಬಿಕೊಂಡಂತಿರುವ ಗುಡ್ಡ. ಈ ಗುಡ್ಡದ ವಿಷಯ ಮುಂದೆ ಬರುತ್ತದೆ. ನಾನು ಹುಟ್ಟಿದ್ದು ಸಾಧಾರಣ ಸಂವತ್ಸರದ ಭಾದ್ರಪದ ಶುದ್ಧ ಅಷ್ಟಮಿ, ಜ್ಯೇಷ್ಠಾ ನಕ್ಷತ್ರ. ಇಂಗ್ಲಿಷ್ ಲೆಕ್ಕದಲ್ಲಿ 1970ರ ಸೆಪ್ಟೆಂಬರ್ 9ರ ಬೆಳಗಿನ ಜಾವ. ಜಾತಕ ಬರೆದವರು ದೊಡ್ಡಪ್ಪ. ಜ್ಯೋತಿಷ್ಯ ಅವರಿಗೆ ಜೀವನೋಪಾಯವಾಗಿರಲಿಲ್ಲ. ತೋಟ ನೋಡಿಕೊಂಡು, ಸಂಜೆ ಜಗಲಿಯಲ್ಲಿ ಕವಳ ಹಾಕುತ್ತಾ, ಬಂದವರಿಗೆ ಪಂಚಾಂಗ ನೋಡಿ ಹೇಳುತ್ತಿದ್ದರು. ಯಾರಿಂದಲೂ ಕಾಸು ಮುಟ್ಟಿದವರಲ್ಲ. ಹಾಗಾಗಿಯೇ ಅವರ ಮಾತಿಗೆ ತೂಕ ಹೆಚ್ಚು.

ಅವರು ಬರೆದ ಕುಂಡಲಿ ಹೀಗಿದೆ. ಲಗ್ನ ಸಿಂಹ. ಹುಟ್ಟುವ ಹೊತ್ತಿಗೆ ಪೂರ್ವದ ಅಂಚಿನಲ್ಲಿ ಏಳುತ್ತಿದ್ದ ರಾಶಿಯೇ ಲಗ್ನ; ಅದನ್ನು ಒಂದು ಎಂದು ಹಿಡಿದು ಎಣಿಸಬೇಕು. ಸಿಂಹ ಒಂದು, ಕನ್ಯಾ ಎರಡು, ತುಲಾ ಮೂರು, ವೃಶ್ಚಿಕ ನಾಲ್ಕು. ಆ ನಾಲ್ಕರಲ್ಲಿ ಚಂದ್ರ ಒಬ್ಬನೇ ಕೂತಿದ್ದಾನೆ. ನಾಲ್ಕನೆಯ ಮನೆಗೆ ಮಾತೃಸ್ಥಾನ, ಸುಖಸ್ಥಾನ, ಬಂಧುಸ್ಥಾನ ಎಂದೆಲ್ಲ ಹೆಸರು. ತಾಯಿ, ವಾಸದ ಮನೆ, ನೆಲ, ನೆಮ್ಮದಿ, ಎದೆಯೊಳಗಿನ ಮಾತು ಇವೆಲ್ಲ ಅಲ್ಲಿಂದಲೇ ನೋಡುವುದು. ಪಾತಾಳ ಎಂದೂ ಅದನ್ನು ಕರೆಯುತ್ತಾರೆ. ಈ ಹೆಸರು ನನಗೆ ಬಲು ಇಷ್ಟ, ಯಾಕೆಂದರೆ ಅದು ಅಕ್ಷರಶಃ ನಿಜ. ಹತ್ತನೆಯ ಮನೆ ನೆತ್ತಿಯ ಮೇಲಿನ ಆಕಾಶವಾದರೆ ನಾಲ್ಕನೆಯದು ಕಾಲಡಿಯ ಭೂಮಿಯ ಆಚೆ. ನಾನು ಹುಟ್ಟುವಾಗ ಚಂದ್ರ ಆಕಾಶದಲ್ಲಿ ಎಲ್ಲೂ ಇರಲಿಲ್ಲ. ಶುದ್ಧ ಅಷ್ಟಮಿಯ ಅರ್ಧ ಚಂದ್ರ ನಡುರಾತ್ರಿಯ ಹೊತ್ತಿಗೇ ಮುಳುಗಿಹೋಗುತ್ತಾನೆ. ಬೆಳಗಿನ ಜಾವಕ್ಕೆ ಅವನು ನಮ್ಮ ಕೊಟ್ಟಿಗೆಯ, ಬಾವಿಯ, ತೋಟದ ನೆಲದ ಕೆಳಗೆ ಇದ್ದ. ಕಾಣದೆ ಇದ್ದ.

ಇಂಥ ಚಂದ್ರನಿಗೆ ಶಾಸ್ತ್ರ ಹೇಳುವ ಸ್ವಭಾವವೇನು? ಚಂದ್ರನೆಂದರೆ ಮನಸ್ಸು, ತಾಯಿ. ಆ ಮನಸ್ಸು ಮನೆಯಲ್ಲೇ ಬೇರು ಬಿಟ್ಟಿದೆ ಎನ್ನುತ್ತಾರೆ. ಅವನಿಗೆ ಅಲ್ಲಿ ದಿಗ್ಬಲವಿದೆ. ಅಂದರೆ ನಾಲ್ಕನೆಯ ಮನೆಯ ದಿಕ್ಕಿನಲ್ಲಿ ಚಂದ್ರ, ಶುಕ್ರರಿಗೆ ಹೆಚ್ಚಿನ ಶಕ್ತಿ. ಇಂಥವರು ತಾಯಿಯನ್ನು ಹಚ್ಚಿಕೊಂಡವರು. ಹೊರಗಿನ ಮಾನ ಸನ್ಮಾನಗಳಿಗಿಂತ ಒಳಮನೆಯ ಸಮಾಧಾನ ದೊಡ್ಡದು. ಮನೆಯಲ್ಲಿ ಯಾರದ್ದಾದರೂ ಮುಖ ಸಪ್ಪಗಿದ್ದರೆ ಇವರಿಗೆ ಊಟ ಸೇರುವುದಿಲ್ಲ. ಚಂದ್ರ ನಿಂತಲ್ಲಿ ನಿಲ್ಲುವವನಲ್ಲವಾದ್ದರಿಂದ ಮನೆಯೂ ಬದಲಾಗುತ್ತಿರುತ್ತದೆ, ಮನಸ್ಸೂ ಏರಿಳಿಯುತ್ತದೆ. ಇಷ್ಟೇ ಆಗಿದ್ದರೆ ದೊಡ್ಡಪ್ಪ ನನ್ನನ್ನು ಎತ್ತಿಕೊಂಡು ಕುಣಿಯುತ್ತಿದ್ದರು.

ಅವರನ್ನು ಕಂಗೆಡಿಸಿದ್ದು ಬೇರೆ ಮೂರು ಸಂಗತಿಗಳು. ಒಂದು, ವೃಶ್ಚಿಕ ಚಂದ್ರನಿಗೆ ನೀಚರಾಶಿ. ಇನ್ನೊಂದು, ಸಿಂಹ ಲಗ್ನಕ್ಕೆ ಹನ್ನೆರಡನೆಯದಾದ ಕರ್ಕಾಟಕ ಚಂದ್ರನ ಸ್ವಂತ ಮನೆ. ಹನ್ನೆರಡು ಎಂದರೆ ವ್ಯಯ, ದೂರ, ಅಗಲಿಕೆ. ವ್ಯಯದ ಒಡೆಯ ಬಂದು ಸುಖದ ಮನೆಯಲ್ಲಿ ಕೂತ. ಮೂರನೆಯದು, ನಮ್ಮ ಶಾಲೆಗೆ ಬಂದ ತಾಯಿಯನ್ನು ಹೆದರಿಸಿದ್ದೂ ಇದೇ, ಯಾವ ಗ್ರಹ ಯಾವ ವಿಷಯಕ್ಕೆ ಕಾರಕನೋ ಅವನೇ ಆ ಭಾವದಲ್ಲಿ ಒಬ್ಬನೇ ಕೂತರೆ ಆ ಭಾವಕ್ಕೆ ಕೇಡು ಎಂಬ ಹಳೆಯ ಮಾತು. ಮೂರೂ ಒಟ್ಟಿಗೆ ಸೇರಿದಾಗ ದೊಡ್ಡಪ್ಪನ ಮುಖ ಗಂಟಿಕ್ಕಿತು. ಆದರೂ ಆಗ ಏನೂ ಹೇಳಲಿಲ್ಲವಂತೆ. ಜ್ಯೇಷ್ಠಾ ನಕ್ಷತ್ರಕ್ಕೆಂದು ಹೇಗೂ ಶಾಂತಿ ಮಾಡಿಸಬೇಕಿತ್ತು, ಮಾಡಿಸಿ ಸುಮ್ಮನಾದರು.

1977ರ ಬೇಸಗೆಯಲ್ಲಿ ಅಮ್ಮನಿಗೆ ವಿಷಮಶೀತ ಜ್ವರ ಬಂತು. ಇಪ್ಪತ್ತು ದಿನ ಹಾಸಿಗೆ ಬಿಟ್ಟೇಳಲಿಲ್ಲ. ನನಗೆ ಆಗ ಆರು ದಾಟಿ ಏಳು ನಡೆಯುತ್ತಿತ್ತು. ಬುಧ ದಶೆ ಮುಗಿದು ಕೇತು ದಶೆ ಹಿಡಿದ ಹೊತ್ತು. ನನ್ನ ಕುಂಡಲಿಯಲ್ಲಿ ಕೇತು, ನಾಲ್ಕನೆಯ ಮನೆಯ ಒಡೆಯನಾದ ಕುಜನ ಜೊತೆಯಲ್ಲೇ ಕೂತಿದ್ದಾನೆ. ದೊಡ್ಡಪ್ಪ ಮತ್ತೆ ಹಾಳೆ ಬಿಚ್ಚಿದರು. ಅಮ್ಮ ಜ್ವರ ಬಿಟ್ಟು ಗೋಡೆಗೊರಗಿ ಗಂಜಿ ಕುಡಿಯುವಷ್ಟಾದ ದಿನ ಕೇಳಿದಳಂತೆ, "ಭಾವ, ಕೂಸಿನ ಜಾತಕ ನನಗೆ ಆಗಿ ಬರೂದಿಲ್ಲ ಅಂತ ಎಲ್ಲರೂ ಹೇಳ್ತಾರೆ, ಹೌದಾ?" ಅವರು ಹೌದೆಂದರು. ಕೇತು ದಶೆ ಏಳು ವರ್ಷ, ಮೊದಲ ಮೂರು ವರ್ಷವಾದರೂ ಕೂಸು ಬೇರೆ ಸೂರಿನಡಿ ಇರಲಿ ಎಂದರು. ಮುಂದಿನ ವಾರ ಅಪ್ಪ ನನ್ನನ್ನು ಬಸ್ಸಿಗೆ ಹತ್ತಿಸಿಕೊಂಡು ತೀರ್ಥಹಳ್ಳಿಯ ಕಡೆಯ ಅಜ್ಜನ ಮನೆಗೆ ಬಿಟ್ಟು ಬಂದರು.

ಅಜ್ಜನ ಮನೆಯಲ್ಲಿ ನನಗೆ ಏನೂ ಕಡಿಮೆಯಿರಲಿಲ್ಲ. ಅಜ್ಜಿ ದಿನಾ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕುತ್ತಿದ್ದಳು. ಮಾವ ಶಾಲೆಗೆ ಬಿಟ್ಟು ಬರುತ್ತಿದ್ದ. ಆದರೆ ರಾತ್ರಿ ಮಲಗುವಾಗ ದಿನವೂ ಒಂದೇ ಪ್ರಶ್ನೆ ಕೇಳುತ್ತಿದ್ದೆನಂತೆ: "ನಮ್ಮನೆ ಯಾವ ದಿಕ್ಕಿಗೆ?" ಅಜ್ಜಿ ಕೈ ತೋರಿಸಿದ ಕಡೆಗೆ ಮುಖ ಮಾಡಿ ಮಲಗುವುದು. ಅತ್ತದ್ದು ನನಗೆ ನೆನಪಿಲ್ಲ, ಯಾರೂ ಹೇಳಿಯೂ ಇಲ್ಲ. ಅಳದ ಮಗು ಎಂದೇ ನನಗೆ ಹೆಸರು. ವೃಶ್ಚಿಕದ ಚಂದ್ರನಿಗೆ ಅದೂ ಒಂದು ಲಕ್ಷಣ. ನೋವು ತೋರಿಸಿಕೊಳ್ಳುವುದಿಲ್ಲ, ಒಳಗೇ ಇಟ್ಟುಕೊಂಡು ಬೇಯುತ್ತದೆ ಎಂದು ಮುಂದೆ ನಾನೇ ಓದಿದೆ. ಓದಿದಾಗ ಮೈ ಝುಮ್ಮೆಂದಿತು. ಆಮೇಲೆ ಯೋಚನೆ ಬಂತು: ಏಳು ವರ್ಷದ ಯಾವ ಮಗುವನ್ನಾದರೂ ಬಸ್ಸಿಗೆ ಹತ್ತಿಸಿ, ನೀನಿದ್ದರೆ ಅಮ್ಮ ಉಳಿಯುವುದಿಲ್ಲ ಎಂಬ ಮಾತು ಅದರ ಕಿವಿಗೂ ಬೀಳುವಂತೆ ಆಡಿದರೆ, ಅದರ ಚಂದ್ರ ಮೇಷದಲ್ಲಿರಲಿ ಮೀನದಲ್ಲಿರಲಿ, ಒಳಗೆ ಬೇಯದೆ ಇನ್ನೇನು ಮಾಡೀತು?

1980ರಲ್ಲಿ ವಾಪಸು ಕರೆಸಿಕೊಂಡರು. ಅಮ್ಮ ಗಟ್ಟಿಮುಟ್ಟಾಗಿದ್ದಳು. ಅಂಗಳದಲ್ಲಿ ಇಬ್ಬರೂ ಹೊಸಬರ ಹಾಗೆ ನಿಂತೆವು. ಅಮ್ಮ "ಎಷ್ಟು ಉದ್ದ ಆಗಿದೀಯೇ" ಎಂದಳು. ನಾನು ಕಾಲು ತೊಳೆದುಕೊಂಡು ಒಳಗೆ ಹೋದೆ.

ಬಿ.ಎ. ಮುಗಿಸಿ, ಬಿ.ಎಡ್. ಮಾಡಿ ಕೆಲಸಕ್ಕೆ ಸೇರಿದ ಮೇಲೆ ಬೇಸಗೆ ರಜೆಗೆ ಮನೆಗೆ ಹೋದಾಗ ದೊಡ್ಡಪ್ಪನ ಹತ್ತಿರ ಜಾತಕ ಹಾಕುವುದನ್ನು ಕಲಿತೆ. ಹೆಣ್ಣುಮಕ್ಕಳಿಗೆ ಯಾಕೆ ಎಂದು ಅವರು ಒಮ್ಮೆಯೂ ಹೇಳಲಿಲ್ಲ. ಕೇಳುವವರು ಸಿಕ್ಕಿದರಲ್ಲ ಎಂದು ಅವರಿಗೆ ಖುಷಿ. ನನ್ನ ಒಳಗುಟ್ಟು ಅವರಿಗೆ ತಿಳಿದಿತ್ತೋ ಇಲ್ಲವೋ. ನಾನು ಕಲಿಯಹೊರಟದ್ದು ಅವರ ತಪ್ಪು ಹಿಡಿಯುವುದಕ್ಕೆ.

ತಪ್ಪು ಸಿಕ್ಕಿತೇ ಎಂದರೆ, ಒಂದು ಬಗೆಯಲ್ಲಿ ಸಿಕ್ಕಿತು. ಅವರು ಭಯದ ಮೂರು ಅಂಶಗಳನ್ನು ಎಣಿಸಿದ್ದರು, ಸಮಾಧಾನದ ಅಂಶಗಳನ್ನು ಎಣಿಸಿರಲಿಲ್ಲ. ಚಂದ್ರನಿಗಿರುವ ದಿಗ್ಬಲ ಹೇಳಿದೆನಲ್ಲ, ಅದು ಒಂದು. ಶುಕ್ಲಪಕ್ಷದ ಅಷ್ಟಮಿಯ ಚಂದ್ರ ಬೆಳೆಯುತ್ತಿರುವ ಚಂದ್ರ, ಅಮಾವಾಸ್ಯೆಯ ಬಡವನಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಕುಜ. ನಾಲ್ಕನೆಯ ಮನೆಯಾದ ವೃಶ್ಚಿಕದ ಒಡೆಯ ಅವನು, ಲಗ್ನದಲ್ಲೇ ಇದ್ದಾನೆ. ಕುಜನಿಗೆ ತಾನಿರುವಲ್ಲಿಂದ ನಾಲ್ಕನೆಯ ಮನೆಯ ಮೇಲೆ ವಿಶೇಷ ದೃಷ್ಟಿ. ಸಿಂಹದಿಂದ ನಾಲ್ಕು ಎಂದರೆ ವೃಶ್ಚಿಕವೇ. ಮನೆಯ ಯಜಮಾನ ಕೇಂದ್ರದಲ್ಲಿ ನಿಂತು ತನ್ನ ಮನೆಯ ಬಾಗಿಲನ್ನು ನೋಡುತ್ತಿದ್ದಾನೆ. ಇಂಥಲ್ಲಿ ನೀಚಭಂಗವಾಯಿತು, ಒಳಗಿರುವ ಅತಿಥಿಗೆ ಕೇಡಿಲ್ಲ ಎನ್ನುವುದು ರೂಢಿ. ಇದನ್ನು ದೊಡ್ಡಪ್ಪನ ಮುಂದಿಟ್ಟೆ. ಅವರು ಬಹಳ ಹೊತ್ತು ನೋಡಿದರು. "ಕೇತು ಜೊತೆಗಿದ್ದಾನಲ್ಲ" ಎಂದರು. ಆಮೇಲೆ ಹಾಳೆ ಮಡಿಸಿ, "ನಿನ್ನ ಅಮ್ಮ ಆವತ್ತು ತೀರಾ ಇಳಿದುಹೋಗಿದ್ದಳು, ಮಗಾ. ಮನೆಯಲ್ಲಿ ಒಬ್ಬರು ಸಾಯ್ತಾರೆ ಅನ್ನೋ ಹೊತ್ತಲ್ಲಿ ಜಾತಕ ನೋಡಬಾರದು" ಎಂದರು. ಜ್ಯೋತಿಷ್ಯದ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಅವರು 1996ರಲ್ಲಿ ತೀರಿಕೊಂಡರು.

ಇನ್ನೊಂದು ತಪ್ಪು, ತಪ್ಪೇ ಹೌದಾದರೆ, ಅದಕ್ಕಿಂತ ದೊಡ್ಡದು. ಅದು ನನಗೆ ತಿಳಿದದ್ದು ಅವರು ಹೋದ ಎಷ್ಟೋ ವರ್ಷಗಳ ಮೇಲೆ.

ಚಂದ್ರ ಯಾವ ರಾಶಿಯಲ್ಲಿದ್ದಾನೆ ಎನ್ನುವುದರಲ್ಲಿ ಸಾಮಾನ್ಯವಾಗಿ ಮೋಸವಾಗುವುದಿಲ್ಲ. ಒಂದು ರಾಶಿಯಲ್ಲಿ ಅವನು ಎರಡೂಕಾಲು ದಿನ ಇರುತ್ತಾನೆ. ಗಂಟೆ ಹೆಚ್ಚುಕಡಿಮೆಯಾದರೂ ನನ್ನದು ವೃಶ್ಚಿಕವೇ, ಜ್ಯೇಷ್ಠೆಯೇ. ಆದರೆ ಅವನು ನಾಲ್ಕನೆಯ ಮನೆಯಲ್ಲಿದ್ದಾನೆಯೇ, ಮೂರರಲ್ಲೋ ಐದರಲ್ಲೋ ಎನ್ನುವುದನ್ನು ಹೇಳುವುದು ಲಗ್ನ. ಲಗ್ನ ಸುಮಾರು ಎರಡು ಗಂಟೆಗೊಮ್ಮೆ ಬದಲಾಗುತ್ತದೆ. ಆದ್ದರಿಂದ ನಾಲ್ಕನೆಯ ಮನೆಯ ಚಂದ್ರ ಎಂಬ ಮಾತು ನಿಂತಿರುವುದು ಚಂದ್ರನ ಮೇಲಲ್ಲ, ಹೆರಿಗೆಯ ಕೋಣೆಯಿಂದ ಹೊರಬಂದ ಹೆಂಗಸು ಹೇಳಿದ ಹೊತ್ತಿನ ಮೇಲೆ.

ಸೂರ್ಯ ಹುಟ್ಟುವಾಗ ಅವನಿರುವ ರಾಶಿಯೇ ಲಗ್ನವಾಗಿರುತ್ತದೆ. ಭಾದ್ರಪದದ ಆ ದಿನ ಸೂರ್ಯ ಸಿಂಹದಲ್ಲಿ ಮುಕ್ಕಾಲು ದಾರಿ ಕ್ರಮಿಸಿದ್ದ. ಲೆಕ್ಕ ಹಾಕಿದರೆ ನಮ್ಮ ಕಡೆ ಸೂರ್ಯೋದಯ ಸುಮಾರು ಆರೂಕಾಲಕ್ಕೆ. ಸಿಂಹ ಲಗ್ನ ಶುರುವಾಗಿದ್ದು ನಾಲ್ಕೂ ಮುಕ್ಕಾಲಿನ ಸುಮಾರಿಗೆ, ಮುಗಿದದ್ದು ಆರೂ ಮುಕ್ಕಾಲಿಗೆ. ಅಲ್ಲಿಂದ ಮುಂದೆ ಕನ್ಯಾ ಲಗ್ನ. ಕನ್ಯೆಯಿಂದ ಎಣಿಸಿದರೆ ವೃಶ್ಚಿಕ ನಾಲ್ಕಲ್ಲ, ಮೂರು. ಮೂರು ಸಹೋದರರ ಮನೆ, ಧೈರ್ಯದ ಮನೆ. ಅಲ್ಲಿರುವ ಚಂದ್ರನಿಗೂ ತಾಯಿಯ ಆಯುಸ್ಸಿಗೂ ದೊಡ್ಡಪ್ಪ ಕಟ್ಟಿದ ಗಂಟು ಇರುವುದೇ ಇಲ್ಲ.

ದೊಡ್ಡಪ್ಪ ಬರೆದಿಟ್ಟದ್ದು: ಮಂಗಳವಾರ, ಸೂರ್ಯೋದಯಾದಿ ಘಟಿ 59. ಘಟಿಗೆ ಇಪ್ಪತ್ನಾಲ್ಕು ನಿಮಿಷ. ಪಂಚಾಂಗದ ದಿನ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ಹಾಗಾಗಿ ಬುಧವಾರದ ಬೆಳಕು ಹರಿಯುವುದಕ್ಕೆ ಒಂದು ಘಟಿ ಮೊದಲು, ಅಂದರೆ ಆರಕ್ಕೆ ಹತ್ತು ನಿಮಿಷ ಇರುವಾಗ ನಾನು ಹುಟ್ಟಿದೆನೆಂದು ಅರ್ಥ. ನಮ್ಮ ಮನೆಯಲ್ಲಿ ಆಗ ಗಡಿಯಾರವಿರಲಿಲ್ಲ. ಹಾಗಾದರೆ ಈ 59 ಎಲ್ಲಿಂದ ಬಂತು?

2012ರಲ್ಲಿ ಅಪ್ಪ ಹೋದ ಮೇಲೆ ಅಮ್ಮ ನನ್ನ ಜೊತೆ ಇರಲು ಬಂದಳು. ಮನೆ, ತೋಟ ಅಣ್ಣನ ಹಿಸ್ಸೆಗೆ ಹೋಯಿತು, ಅಣ್ಣ ಬೆಂಗಳೂರಿನಲ್ಲಿ. ಒಂದು ದಿನ ಸೊಪ್ಪು ಬಿಡಿಸುತ್ತಾ ಕೂತಾಗ ನಾನು ಹುಟ್ಟಿದ್ದು ಎಷ್ಟು ಹೊತ್ತಿಗೆ ಎಂದು ಕೇಳಿದೆ. "ಬಿಸಿಲು ಬರೋಕೆ ಮುಂಚೆ" ಎಂದಳು. "ಸೂಲಗಿತ್ತಿ ಹೊರಗೆ ಹೋಗಿ ಹೇಳಿದ್ದೂ ಹಾಗೇಯ. ಹೆಣ್ಣು ಕೂಸು, ಬಿಸಿಲು ಬರೋಕೆ ಮುಂಚೆ ಆಯ್ತು ಅಂತ. ನಿನ್ನ ದೊಡ್ಡಪ್ಪ ಅದನ್ನ ಬರ್ಕೊಂಡ್ರು."

ನಾನು ಸೊಪ್ಪನ್ನು ಕೆಳಗಿಟ್ಟೆ. ಪೂರ್ವದ ಗುಡ್ಡ ನೆನಪಾಯಿತು. ನಮ್ಮ ಅಂಗಳಕ್ಕೆ ಬಿಸಿಲು ಬೀಳುವುದು ಏಳೂವರೆಗೆ. ನಮ್ಮ ಮನೆಯ ಹೆಂಗಸರ ಬಾಯಲ್ಲಿ ಬಿಸಿಲು ಬರುವುದೆಂದರೆ ಅದೇ: ಗುಡ್ಡ ದಾಟಿ ಬಂದ ಬೆಳಕು ಅಂಗಳದ ತುಳಸಿಕಟ್ಟೆಗೆ ತಾಗುವುದು. ಅಡಿಕೆ ಹರಡಲು, ಬಟ್ಟೆ ಹಾಕಲು, ಮಕ್ಕಳನ್ನು ಎಬ್ಬಿಸಲು ಅದೇ ಗಡಿಯಾರ. ಪಂಚಾಂಗದ ಸೂರ್ಯೋದಯಕ್ಕೆ ಗುಡ್ಡ ಬೆಟ್ಟಗಳಿಲ್ಲ. ಅದು ಬಯಲಿನ ಅಂಚಿನಲ್ಲಿ ಸೂರ್ಯ ತಲೆಯೆತ್ತುವ ಗಳಿಗೆ. ಸೂಲಗಿತ್ತಿ ಅಂಗಳದ ಬಿಸಿಲಿನ ಮಾತಾಡಿದಳು. ದೊಡ್ಡಪ್ಪ ಪಂಚಾಂಗದ ಸೂರ್ಯನ ಮಾತು ಕೇಳಿಸಿಕೊಂಡರು. ಸೂರ್ಯೋದಯಕ್ಕೆ ಸ್ವಲ್ಪ ಮೊದಲು ಎಂದರೆ ಒಂದು ಘಟಿ ಇರಲಿ ಎಂದು 59 ಬರೆದರು. ಇಬ್ಬರ ನಡುವೆ ಒಂದು ಗುಡ್ಡವಿದ್ದದ್ದು ಇಬ್ಬರಿಗೂ ಹೊಳೆಯಲಿಲ್ಲ.

ಏಳೂವರೆಗೆ ಮುಂಚೆ ಎಂದರೆ ಆರೂ ಇರಬಹುದು, ಏಳೂ ಇರಬಹುದು. ಆರೂ ಮುಕ್ಕಾಲಿನ ಈಚೆಗಾದರೆ ದೊಡ್ಡಪ್ಪನ ಕುಂಡಲಿಯೇ ಸರಿ. ಆಚೆಗಾದರೆ ನನ್ನ ನಾಲ್ಕನೆಯ ಮನೆಯಲ್ಲಿ ಚಂದ್ರನೇ ಇಲ್ಲ. ನಾನು ಮೂರು ವರ್ಷ ದಿಕ್ಕು ಕೇಳಿಕೊಂಡು ಮಲಗಿದ್ದು ಖಾಲಿ ಮನೆಯೊಂದರ ಸಲುವಾಗಿ.

ಹೊತ್ತು ಸಂಶಯವಿದ್ದಾಗ ಬಲ್ಲವರು ಬದುಕಿನ ಘಟನೆಗಳನ್ನು ದಶೆಗೆ ತಾಳೆ ನೋಡಿ ಲಗ್ನ ಗೊತ್ತುಮಾಡುತ್ತಾರೆ. ನಾನೂ ನೋಡಿದೆ. ನನಗೆ ಚಂದ್ರ ದಶೆ ನಡೆದದ್ದು 2010ರಿಂದ 2020ರವರೆಗೆ. ಚಂದ್ರ ನಾಲ್ಕರಲ್ಲಿದ್ದರೆ ಆ ಹತ್ತು ವರ್ಷ ತಾಯಿ, ಮನೆ ಇವುಗಳದ್ದೇ ಕಥೆಯಾಗಬೇಕು. ಆಯಿತು ಕೂಡ: ಅಮ್ಮ ನನ್ನಲ್ಲಿಗೆ ಬಂದದ್ದು, ಹುಟ್ಟಿದ ಮನೆಗೆ ಬೀಗ ಬಿದ್ದದ್ದು, ನಾನು ಬಾಡಿಗೆ ಮನೆಗಳ ಸುತ್ತು ಮುಗಿಸಿ ಸ್ವಂತ ಸೂರು ಕಟ್ಟಿಸಿದ್ದು, ಎಲ್ಲ ಅದೇ ಅವಧಿಯಲ್ಲಿ. ಅವನು ಮೂರರಲ್ಲಿದ್ದರೆ ಸಹೋದರರು, ಸಣ್ಣ ಪ್ರಯಾಣ, ಬರವಣಿಗೆ. ಅದೂ ಆಯಿತು: ಅಣ್ಣನೊಡನೆ ಹಿಸ್ಸೆಯ ಮಾತುಕತೆ, ವರ್ಗವಾಗಿ ದಿನಾ ಬಸ್ಸಿನಲ್ಲಿ ಓಡಾಟ, ನಾಲ್ಕು ಅಕ್ಷರ ಬರೆಯುವ ಈ ಚಟ. ಎರಡು ಅಂಗಿಯೂ ನನ್ನ ಅಳತೆಗೇ ಹೊಲಿದಂತಿವೆ. ನಲವತ್ತರಿಂದ ಐವತ್ತರವರೆಗಿನ ಹೆಂಗಸೊಬ್ಬಳಿಗೆ ತಾಯಿ, ಮನೆ, ಅಣ್ಣತಮ್ಮ, ಓಡಾಟ ಇವುಗಳಲ್ಲಿ ಯಾವುದು ತಾನೇ ಇರುವುದಿಲ್ಲ? ತಾಳೆ ನೋಡುವ ವಿದ್ಯೆಯ ಮಿತಿ ನನಗೆ ತಿಳಿದದ್ದು ಹೀಗೆ, ನನ್ನ ಮೇಲೇ ಪ್ರಯೋಗ ಮಾಡಿಕೊಂಡು.

ಸ್ವಭಾವ ನೋಡಿದರೆ ನಾನು ನಾಲ್ಕನೆಯ ಮನೆಯವಳೇ ಎಂದು ಈಗಲೂ ಅನ್ನಿಸುತ್ತದೆ. ಬೇರೆಯವರ ಮನೆಯಲ್ಲಿ ನನಗೆ ನಿದ್ದೆ ಬರುವುದಿಲ್ಲ. ತರಬೇತಿಗೆಂದು ಹೊರಗೂರಿಗೆ ಕಳಿಸಿದರೆ ಮೂರನೆಯ ದಿನಕ್ಕೆ ಮಂಕು ಕವಿಯುತ್ತದೆ. ಐದು ಬಾಡಿಗೆ ಮನೆ ಬದಲಾಯಿಸಿದ್ದೇನೆ. ಪ್ರತಿ ಮನೆಯಲ್ಲೂ ಗಂಟು ಬಿಚ್ಚುವ ಮೊದಲೇ ಅಮ್ಮ ಕೊಟ್ಟ ಹಿತ್ತಾಳೆ ಲೋಟ ಹುಡುಕಿ ಅದರಲ್ಲಿ ಕಾಫಿ ಕುಡಿದರೆ ಮಾತ್ರ ಅದು ನನ್ನ ಮನೆ. ನನ್ನ ಗಂಡ ಇದನ್ನು ಗೃಹಪ್ರವೇಶ ಎಂದೇ ಕರೆಯುತ್ತಾರೆ. ಹಾಗೆಂದು ಅಮ್ಮನ ಜೊತೆ ಸಲಿಗೆಯಿಂದ ಕೂತು ಮಾತಾಡಿದೆನೇ? ಅದು ನನ್ನಿಂದಾಗಲಿಲ್ಲ. ಅವಳ ಊಟ, ಔಷಧಿ, ಕಣ್ಣಿನ ಪೊರೆಯ ಆಪರೇಷನ್ನು ಎಲ್ಲ ಅಚ್ಚುಕಟ್ಟು. ಆದರೆ ಅವಳ ಮಂಚದ ಮೇಲೆ ಕೂರುವುದಕ್ಕೆ ಇವತ್ತಿಗೂ ಒಂದು ಸಂಕೋಚ. ಅಣ್ಣ ವರ್ಷಕ್ಕೆರಡು ಸಲ ಬಂದರೂ ನೇರ ಹೋಗಿ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಾನೆ. ಒಬ್ಬಳೇ ತಾಯಿ. ನಾಲ್ಕನೆಯ ಮನೆ ತಾಯಿ ಹೇಗಿದ್ದಾಳೆ ಎಂದು ಹೇಳುವುದಿಲ್ಲ, ಮಗು ಅವಳನ್ನು ಹೇಗೆ ಪಡೆಯಿತು ಎಂಬುದನ್ನಷ್ಟೇ ಹೇಳುತ್ತದೆ ಎಂದು ನಾನು ಅಂದುಕೊಂಡಿದ್ದೇನೆ. ಗ್ರಹಗಳು ಏನನ್ನೂ ಮಾಡುತ್ತವೆಂದು ನಾನು ನಂಬಿಲ್ಲ. ಜಾತಕ ಹಾಕುವ ಕೈಯನ್ನೂ ಬಿಟ್ಟಿಲ್ಲ. ಈ ಎರಡರ ನಡುವೆ ಹೇಗಿದ್ದೀಯ ಎಂದು ವಿಜ್ಞಾನದ ಮೇಷ್ಟ್ರು ಕೇಳುತ್ತಾರೆ. ಬಾಡಿಗೆ ಮನೆಯಲ್ಲಿ ಇದ್ದ ಹಾಗೆ ಇದ್ದೇನೆ.

ಶಾಲೆಗೆ ಬಂದ ತಾಯಿಯ ಹಾಳೆಯನ್ನು ಬಿಡಿಸಿ ನೋಡಿದೆ. ಹುಡುಗಿಯದು ಕುಂಭ ಲಗ್ನ, ನಾಲ್ಕನೆಯದು ವೃಷಭ. ಚಂದ್ರನಿಗೆ ಉಚ್ಚರಾಶಿ. ಹುಣ್ಣಿಮೆಗೆ ಮೂರು ದಿನವಿರುವ ತುಂಬು ಚಂದ್ರ. ಹೆದರಿಸಬೇಕೆಂದೇ ಹೊರಟವರಿಗಲ್ಲದೆ ಬೇರೆಯವರಿಗೆ ಇಲ್ಲಿ ಕೇಡು ಕಾಣುವುದು ಕಷ್ಟ. ಕಾರಕ ತನ್ನ ಭಾವದಲ್ಲಿದ್ದರೆ ಕೇಡೆಂಬ ಮಾತನ್ನು ಕಣ್ಣುಮುಚ್ಚಿ ಹಚ್ಚಬಾರದೆಂದು ದೊಡ್ಡಪ್ಪನೇ ಕೊನೆಗಾಲದಲ್ಲಿ ಹೇಳುತ್ತಿದ್ದರು; ಆ ಮನೆಯ ಒಡೆಯ ಎಲ್ಲಿದ್ದಾನೆ, ಚಂದ್ರ ಬೆಳೆಯುವವನೋ ಕರಗುವವನೋ, ಯಾರು ನೋಡುತ್ತಿದ್ದಾರೆ ಎಲ್ಲ ನೋಡಬೇಕು. ಹುಟ್ಟಿದ ಹೊತ್ತು ಯಾರು ಬರೆದುಕೊಂಡರು ಎಂದು ಕೇಳಿದೆ. ಆಸ್ಪತ್ರೆಯ ಚೀಟಿಯಲ್ಲಿತ್ತು ಎಂದರು. ಆಮೇಲೆ ಇದನ್ನೆಲ್ಲ ಬದಿಗಿಟ್ಟು ಕೇಳಿದೆ, "ನಿಮಗೆ ಈಗ ಮೈಯಲ್ಲಿ ಹುಷಾರಿಲ್ಲವಾ?" ಆಕೆಯ ಕಣ್ಣು ತುಂಬಿತು. ಎದೆಯಲ್ಲಿ ಒಂದು ಗಂಟಾಗಿದೆ, ಪರೀಕ್ಷೆಗೆ ಕೊಟ್ಟಿದ್ದಾರೆ, ಫಲಿತಾಂಶ ಬರಬೇಕು ಎಂದರು. ಮನೆಯಲ್ಲಿ ಒಬ್ಬರು ಸಾಯ್ತಾರೆ ಅನ್ನೋ ಹೊತ್ತಲ್ಲಿ ನೋಡಿಸಿದ ಜಾತಕ ಅದು.

ನಾನು ಟಿ.ಸಿ. ಬರೆಯಲಿಲ್ಲ. ಡಾಕ್ಟರು ಏನು ಹೇಳುತ್ತಾರೋ ನೋಡಿಕೊಂಡು ಬನ್ನಿ, ಅಲ್ಲಿಯವರೆಗೆ ಹುಡುಗಿ ಇಲ್ಲೇ ಬರಲಿ ಎಂದೆ. "ಅವಳಿಗೆ ಈ ಹಾಳೆಯ ವಿಷಯ ಹೇಳಿದ್ದೀರಾ?" ಎಂದೆ. ಇಲ್ಲ ಎಂದರು. ಹೇಳಬೇಡಿ ಎಂದೆ. ಗಂಟು ಅಪಾಯದ್ದಲ್ಲವೆಂದು ಮುಂದಿನ ತಿಂಗಳು ತಿಳಿಯಿತು. ಅಪಾಯದ್ದೇ ಆಗಿದ್ದರೂ ನನ್ನ ಮಾತು ಅದೇ ಇರುತ್ತಿತ್ತು ಎಂದುಕೊಂಡಿದ್ದೇನೆ. ಹುಡುಗಿ ಈಗ ಏಳನೆಯ ತರಗತಿ.

ಇಷ್ಟಾದ ಮೇಲೆ ನನ್ನ ಹೊತ್ತನ್ನೂ ಗೊತ್ತುಮಾಡಿಕೊಂಡುಬಿಡಬೇಕು ಎಂಬ ಹಟ ಬಂತು. ಒಂದು ದಾರಿಯಿತ್ತು. ಆ ಕಾಲದಲ್ಲಿ ನಮ್ಮ ದಾರಿಯಲ್ಲಿ ಮೊದಲ ಬಸ್ಸು ಬರುತ್ತಿದ್ದದ್ದು ಆರೂ ಮುಕ್ಕಾಲಿಗೆ. ಅಪ್ಪ ಪೇಟೆಯ ಹೋಟೆಲಿಗೆ ಹಾಲನ್ನು ಅದರಲ್ಲೇ ಕಳಿಸುತ್ತಿದ್ದರು. ತಿರುವಿನಲ್ಲಿ ಹಾರ್ನು ಹೊಡೆದರೆ ಒಳಕೋಣೆಗೂ ಕೇಳುತ್ತಿತ್ತು. ಬಸ್ಸು ಹೋಗುವ ಮೊದಲು ಹುಟ್ಟಿದ್ದರೆ ಸಿಂಹ, ಹೋದ ಮೇಲಾದರೆ ಕನ್ಯಾ.

ಈ ಸಲದ ಮಳೆಗಾಲದಲ್ಲಿ ಎಂದಿನಂತೆ ಅಮ್ಮ ಹಳೆಯ ಮನೆ ನೋಡಿಕೊಂಡು ಬರಬೇಕೆಂದು ಹಟ ಹಿಡಿದಳು. ಎಪ್ಪತ್ತೆಂಟು ವರ್ಷ ಅವಳಿಗೆ. ಬೀಗ ತೆಗೆದು, ಜಗಲಿ ಗುಡಿಸಿ, ಒಲೆ ಹಚ್ಚಿದೆವು. ಮಳೆ ಬಿಟ್ಟು ತೋಟದಿಂದ ಹನಿ ಬೀಳುವ ಸದ್ದು. ಇಬ್ಬರೂ ಜಗಲಿಯ ಮೇಲೆ ಕೂತಾಗ ಕೇಳಿದೆ.

"ಅಮ್ಮ, ನಾನು ಹುಟ್ಟಿದ ದಿನ, ನಾನು ಹುಟ್ಟೋ ಮೊದಲೇ ಬಸ್ಸು ಹೋಗಿತ್ತಾ?"

"ಯಾವ ಬಸ್ಸೇ?"

"ಬೆಳಗಿನದು. ಹಾಲಿನ ಬಸ್ಸು."

ಅಮ್ಮ ಕವಳದ ತಟ್ಟೆಯಿಂದ ಅಡಿಕೆ ತೆಗೆದು ಬಾಯಿಗೆ ಹಾಕಿಕೊಂಡು ಯೋಚಿಸಿದಳು. "ಹೋಗಿತ್ತು ಕಾಣ್ತದೆ. ನಿನ್ನ ಅಪ್ಪ ಹಾಲು ಕೊಟ್ಟು ಬಂದವರು ಹೊರಗೆ ನಿಂತು ಕೆಮ್ಮಿದ್ದು ಕೇಳಿತ್ತು." ಒಂದು ನಿಮಿಷ ಬಿಟ್ಟು, "ಅಲ್ಲ, ಆವತ್ತು ಹಾಲೇ ಕಳಿಸಿಲ್ಲ. ಅತ್ತೆ ಬಚ್ಚಲು ಒಲೆ ಹಚ್ಚೋಕೆ ಹೋಗಿದ್ರು, ಹಾಲು ಕರೆಯೋರೇ ಇರಲಿಲ್ಲ. ಯಾಕೆ ಕೇಳ್ತೀ?"

ಯಾಕೆಂದು ಹೇಳಲು ಬಾಯಿ ತೆರೆದೆ. ಹೇಳಿದರೆ ಅವಳಿಗೆ ಏನು ತಿಳಿಯುತ್ತದೆ? ಕೂಸನ್ನು ಕಳಿಸಬೇಕಾಗಿಯೇ ಇರಲಿಲ್ಲವೇನೋ ಎಂದು. ನಲವತ್ತೆಂಟು ವರ್ಷಗಳ ಮೇಲೆ.

"ಸುಮ್ನೆ" ಎಂದೆ.

ಅಮ್ಮ ಅಂಗಳದ ಕಡೆ ನೋಡುತ್ತಿದ್ದಳು. "ನೀನು ಅಜ್ಜನ ಮನೇಲಿದ್ದಾಗ ಆ ಬಸ್ಸಿನ ಹಾರ್ನು ಕೇಳಿದ ಕೂಡಲೇ ದಣಪೆ ಹತ್ರ ಹೋಗಿ ನಿಲ್ತಿದ್ದೆ. ದಿನಾ. ಅದು ಆ ಕಡೆಗೆ ಹೋಗೋ ಬಸ್ಸು, ಅದರಲ್ಲಿ ನೀನು ಬರೋ ಹಂಗೇ ಇಲ್ಲ ಅಂತ ಗೊತ್ತಿತ್ತು. ಆದ್ರೂ ನಿಲ್ತಿದ್ದೆ. ನಿನ್ನ ಅಪ್ಪ ಬೈಯೋರು."

ಈ ಮಾತನ್ನು ಅವಳು ಹಿಂದೆ ಯಾವತ್ತೂ ಹೇಳಿರಲಿಲ್ಲ. ನಾನು ಎದ್ದು ಅವಳು ಕೂತಿದ್ದ ಚಾಪೆಯ ತುದಿಗೆ ಹೋಗಿ ಕೂತೆ. ಬಿಸಿಲು ಇನ್ನೂ ತುಳಸಿಕಟ್ಟೆಗೆ ಬಂದಿರಲಿಲ್ಲ. ನನ್ನ ಕೈಗಡಿಯಾರದಲ್ಲಿ ಏಳು ಗಂಟೆ ಇಪ್ಪತ್ತು ನಿಮಿಷ.